ಪಿಂಚಣಿ ಹೆಚ್ಚಾಗಿದೆ ಎಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದುಕೊಳ್ಳಬೇಡಿ

7ನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಕೈಗೆ ಬಂದಾಗ, ಕಮ್ಯುಟೇಶನ್ ಪಡೆದ, ಅಂದರೆ ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಅದರ ಬದಲಿಗೆ ಒಂದೇ ಸಲ ಇಡಿಗಂಟು ಪಡೆದ ಪಿಂಚಣಿದಾರರ ಲೆಕ್ಕದಲ್ಲಿ ಆಗಬಹುದಾದ ಒಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಾರಣ, ತಪ್ಪಾದ ಮೊತ್ತವೂ ಹಳೆಯ ಮೊತ್ತಕ್ಕಿಂತ ಹೆಚ್ಚೇ ಇರುತ್ತದೆ.

2019ರಲ್ಲಿ ನಿವೃತ್ತರಾದ ಒಬ್ಬ ಶಿಕ್ಷಕರ ಲೆಕ್ಕ ನೋಡಿ. ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಅವರ ಪೂರ್ಣ ಪಿಂಚಣಿ 24,000 ರೂಪಾಯಿ. ಮೂರನೇ ಒಂದು ಭಾಗ, ಅಂದರೆ 8,000 ರೂಪಾಯಿ, ಕಮ್ಯುಟೇಶನ್‌ಗೆ ಹೋಗಿದೆ. ಉಳಿದದ್ದು 16,000. ಪರಿಷ್ಕರಣೆಗೆ ಮೊದಲು ಶೇ 42.5 ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,200 ರೂಪಾಯಿ ಬರುತ್ತಿತ್ತು. ಆಗಸ್ಟ್‌ನಲ್ಲಿ 27,516 ಬಂತು. ಸಾವಿರ ಚಿಲ್ಲರೆ ಏರಿದೆಯಲ್ಲ ಎಂದು ಅವರೂ ಸುಮ್ಮನಾದರು. ಬರಬೇಕಿದ್ದದ್ದು 33,273.

ಸರಿಯಾದ ಲೆಕ್ಕ ಶುರುವಾಗುವುದು ಪೂರ್ಣ ಪಿಂಚಣಿಯಿಂದ. 24,000ಕ್ಕೆ, ಪರಿಷ್ಕರಣೆಯ ಲೆಕ್ಕ ಹಿಡಿಯುವ ದಿನವಾದ 2022ರ ಜುಲೈ 1ರಂದು ಇದ್ದ ಶೇ 31 ತುಟ್ಟಿಭತ್ಯೆ 7,440, ಪರಿಷ್ಕರಣೆಯಲ್ಲಿ ಕೊಟ್ಟ ಹೆಚ್ಚಳವಾದ ಫಿಟ್‌ಮೆಂಟ್ ಶೇ 27.5 ಎಂದರೆ 6,600. ಎಲ್ಲ ಕೂಡಿ 38,040. ಇದರಲ್ಲಿ ಕಮ್ಯುಟೇಶನ್‌ನ 8,000 ಕಳೆದರೆ 30,040. 2024ರ ಆಗಸ್ಟ್‌ನಲ್ಲಿದ್ದ ಶೇ 8.5 ತುಟ್ಟಿಭತ್ಯೆಯನ್ನು ಕಡಿತಕ್ಕೆ ಮೊದಲಿನ 38,040ರ ಮೇಲೆ ಹಾಕಬೇಕು, ಅದು 3,233. ಕಚೇರಿ ಮಾಡಿದ್ದೇನೆಂದರೆ, ಪೂರ್ಣ ಪಿಂಚಣಿಯ ಜಾಗದಲ್ಲಿ ಕಡಿತದ ನಂತರದ 16,000ವನ್ನೇ ಹಿಡಿದು ಏರಿಸಿತು. ಅದು 25,360 ಆಯಿತು, ಅದರ ಮೇಲಿನ ತುಟ್ಟಿಭತ್ಯೆ 2,156. ತಿಂಗಳಿಗೆ 5,757 ರೂಪಾಯಿ ನಷ್ಟ, ತುಟ್ಟಿಭತ್ಯೆ ಏರಿದಂತೆಲ್ಲ ಆ ನಷ್ಟವೂ ಬೆಳೆಯುತ್ತದೆ.

ಇನ್ನೊಂದು ರೀತಿಯ ತಪ್ಪೂ ಇದೆ: 38,040 ಸರಿಯಾಗಿಯೇ ಬಂದು, ಅದರ ಮೂರನೇ ಒಂದು ಭಾಗ 12,680 ಕಡಿತವಾಗುವುದು. ಕಮ್ಯುಟೇಶನ್ ಹಣ ನಿಮಗೆ ಸಿಕ್ಕಿದ್ದು ಹಳೆಯ ಪಿಂಚಣಿಯ ಲೆಕ್ಕದಲ್ಲಿ. ಕಡಿತವೂ ಆ ಹಳೆಯ ಮೊತ್ತದಲ್ಲೇ ನಿಲ್ಲಬೇಕು. 2018ರ ಪರಿಷ್ಕರಣೆಗೂ ಮೊದಲು ನಿವೃತ್ತರಾದವರ ಕಡಿತ ಈಗಿನ ಪಿಂಚಣಿಯ ಮೂರನೇ ಒಂದು ಭಾಗಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ಅದು ಸಹಜ.

ಪಾಸ್‌ಬುಕ್ ನೋಡಿ ಇದು ತಿಳಿಯದು, ಅಲ್ಲಿ ಬರುವುದು ಒಟ್ಟು ಮೊತ್ತ ಒಂದೇ. ಪಿಂಚಣಿ ವಿತರಿಸುವ ಕಚೇರಿಯಿಂದ ಪರಿಷ್ಕರಣೆಯ ಲೆಕ್ಕಪಟ್ಟಿ ಕೇಳಿ ಪಡೆಯಿರಿ. ಮೂಲ ಪಿಂಚಣಿ, ಕಡಿತ, ತುಟ್ಟಿಭತ್ಯೆ ಮೂರೂ ಬೇರೆಬೇರೆ ಸಾಲಿನಲ್ಲಿರಬೇಕು.

ಈ ಶಿಕ್ಷಕರು ಮೊದಲು ಬರೆದ ಪತ್ರ ವ್ಯರ್ಥವಾಯಿತು. "ನನ್ನ ಪಿಂಚಣಿ ಕಡಿಮೆ ಬಂದಿದೆ, ಸರಿಪಡಿಸಿ" ಎಂದಷ್ಟೇ ಇತ್ತು, ಜೊತೆಗೆ 2022ರ ಜುಲೈಯಿಂದ ಬಾಕಿ ಕೊಡಿ ಎಂದೂ ಸೇರಿಸಿದ್ದರು. 2024ರ ಜುಲೈವರೆಗಿನ ಪರಿಷ್ಕರಣೆ ಕಾಲ್ಪನಿಕ ಮಾತ್ರ, ಆ ಅವಧಿಗೆ ಹಣವಿಲ್ಲ. ಕಚೇರಿಯವರು ಆ ಒಂದು ಬೇಡಿಕೆಗೆ ಉತ್ತರ ಕೊಟ್ಟು ಇಡೀ ಪತ್ರವನ್ನೇ ಮುಗಿಸಿದರು. ಸಿಗದ ಬೇಡಿಕೆಯನ್ನು ಸಿಗಬೇಕಾದ್ದರ ಜೊತೆ ಕಟ್ಟಬಾರದು. ಎರಡನೆಯ ಪತ್ರದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ನನ್ನ ಪಿಪಿಒ ಪ್ರಕಾರ ಕಮ್ಯುಟೇಶನ್‌ಗೆ ಮೊದಲಿನ ಪಿಂಚಣಿ ರೂ. 24,000, ಕಮ್ಯುಟೇಶನ್ ಕಡಿತ ರೂ. 8,000. ತಮ್ಮ ಲೆಕ್ಕಪಟ್ಟಿಯಲ್ಲಿ ರೂ. 16,000ವನ್ನು ಮೂಲ ಪಿಂಚಣಿ ಎಂದು ಹಿಡಿದು ಪರಿಷ್ಕರಿಸಲಾಗಿದೆ. ರೂ. 24,000ದ ಮೇಲೆ ಪರಿಷ್ಕರಿಸಿದರೆ ರೂ. 38,040 ಆಗುತ್ತದೆ. ಇದರಿಂದ ರೂ. 8,000 ಮಾತ್ರ ಕಡಿತ ಮಾಡಿ, ತುಟ್ಟಿಭತ್ಯೆಯನ್ನು ರೂ. 38,040ರ ಮೇಲೆ ಲೆಕ್ಕಹಾಕಿ, ದಿನಾಂಕ 1-8-2024ರಿಂದ ವ್ಯತ್ಯಾಸದ ಬಾಕಿಯನ್ನು ತಿಂಗಳುವಾರು ಪಟ್ಟಿಯೊಂದಿಗೆ ಪಾವತಿಸಲು ಕೋರುತ್ತೇನೆ. ಇದನ್ನು ಒಪ್ಪಲಾಗದಿದ್ದರೆ ಯಾವ ಆದೇಶದ ಯಾವ ಕಂಡಿಕೆಯಂತೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು."

ಜೊತೆಗೆ ಪಿಪಿಒದ ಆ ಪುಟದ ಪ್ರತಿ, ಕಚೇರಿಯದೇ ಲೆಕ್ಕಪಟ್ಟಿಯ ಪ್ರತಿ. ಅಷ್ಟೇ ಸಾಕು. ಮುದ್ದಾಂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ದಾಖಲೆ ಇರುವುದಿಲ್ಲ. ಪಿಪಿಒದಲ್ಲಿ 24,000 ಎಂದೇ ಇರುವಾಗ ಮಹಾಲೇಖಪಾಲರಿಗೆ ಬರೆದು ತಿಂಗಳುಗಟ್ಟಲೆ ಕಾಯುವುದು ಬೇಡ, ತಪ್ಪಾಗಿರುವುದು ವಿತರಿಸುವ ಕಡೆ. ಆದರೆ 1-7-2022ರಿಂದ 31-7-2024ರ ನಡುವೆ ನಿವೃತ್ತರಾದವರ ವಿಷಯ ಬೇರೆ. ಅವರ ಕೊನೆಯ ವೇತನವೇ ಮೊದಲು ಮರುನಿಗದಿಯಾಗಬೇಕು, ಅದಕ್ಕೆ ಹಳೆಯ ಇಲಾಖೆಯಿಂದಲೇ ಪ್ರಸ್ತಾವ ಹೋಗಬೇಕು. ಮೇಲಿನ ಪತ್ರ ಅವರಿಗೆ ಹೊಂದುವುದಿಲ್ಲ.

ತಿದ್ದಿದ ಲೆಕ್ಕ ಬಂದ ಮೇಲೂ ಒಂದು ಸಾಲು ಓದಿ: ಕಮ್ಯುಟೇಶನ್ ಕಡಿತ ನಿಲ್ಲುವ ದಿನಾಂಕ. ಅದು ಮೊದಲಿನ 15 ವರ್ಷದ ಲೆಕ್ಕದಂತೆಯೇ ಇರಬೇಕು, ಪರಿಷ್ಕರಣೆಯ ದಿನದಿಂದ ಹೊಸದಾಗಿ ಎಣಿಕೆ ಶುರುವಾಗಿರಬಾರದು.