ಒಂದೇ ಹಿಟ್ಟು, ಮೂರು ಎಣ್ಣೆ: ಯಾವ ಚಕ್ಕುಲಿ ಎಷ್ಟು ದಿನ ಗರಿಗರಿ?

ಚಕ್ಕುಲಿ ಕೆಡುವುದು ಎರಡು ಥರ. ತೇವ ಹೀರಿ ಮೆತ್ತಗಾಗುವುದು ಒಂದು, ಎಣ್ಣೆ ಕಮಟಾಗುವುದು ಇನ್ನೊಂದು. ಮೆತ್ತಗಾದದ್ದನ್ನು ಸಣ್ಣ ಉರಿಯ ಬಾಣಲೆಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ. ಕಮಟಾದದ್ದಕ್ಕೆ ಮದ್ದಿಲ್ಲ. ಮಾರುವವರು ಬರೆಯುವ ‘ಒಂದು ತಿಂಗಳು ಬಾಳಿಕೆ’ ಇವೆರಡರಲ್ಲಿ ಯಾವುದನ್ನು ನೋಡಿ ಹೇಳಿದ್ದು ಎಂಬುದು ಮುಖ್ಯ.

ಹೋಲಿಕೆಗೆ ಹಿಟ್ಟು ಒಂದೇ: 4 ಲೋಟ ಅಕ್ಕಿ ಹಿಟ್ಟು, 1 ಲೋಟ ಹುರಿದು ಬೀಸಿದ ಉದ್ದಿನ ಹಿಟ್ಟು, 4 ಚಮಚ ಬೆಣ್ಣೆ, ಉಪ್ಪು, ಜೀರಿಗೆ, ಎಳ್ಳು. ಒಂದು ಪಾಲನ್ನು ಗಾಣದ ಕಡಲೆಕಾಯಿ ಎಣ್ಣೆಯಲ್ಲಿ, ಒಂದನ್ನು ಕೊಬ್ಬರಿ ಎಣ್ಣೆಯಲ್ಲಿ, ಇನ್ನೊಂದನ್ನು ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದದ್ದು. ಮೂರೂ ಹೊಸ ಎಣ್ಣೆ. ಹಿಂದೆ ಕರಿದು ಉಳಿದ ಎಣ್ಣೆ ಬಳಸಿದ್ದರೆ ಹೋಲಿಕೆಯೇ ಸುಳ್ಳಾಗುತ್ತಿತ್ತು, ಏಕೆಂದರೆ ಅದು ಆಗಲೇ ಅರ್ಧ ಹಾದಿ ಕೆಟ್ಟಿರುತ್ತದೆ.

ಮೊದಲ ದಿನ ಗರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಗರಿ ಬರುವುದು ಒಳಗಿನ ನೀರು ಪೂರ್ತಿ ಹೋದಾಗ; ಅದಕ್ಕೆ ಎಣ್ಣೆಯ ಹೆಸರಿಗಿಂತ ಉರಿ ಮುಖ್ಯ. ಹಿಟ್ಟಿನ ಚೂರು ಹಾಕಿದರೆ ತಕ್ಷಣ ಮೇಲೆದ್ದು ಬರುವಷ್ಟು ಕಾಯಿಸಿ, ಆಮೇಲೆ ಉರಿ ಮಧ್ಯಮಕ್ಕೆ ಇಳಿಸಬೇಕು. ಗುಳ್ಳೆ ಅಡಗಿ ಚೊರಚೊರ ಸದ್ದು ಹೆಚ್ಚುಕಡಿಮೆ ನಿಂತ ಮೇಲೆಯೇ ತೆಗೆಯಬೇಕು. ಬಣ್ಣ ನೋಡಿ ತೆಗೆದರೆ ಮೋಸ. ಆರಿದ ಮೇಲೆ ನಟ್ಟನಡುವೆ, ಎಳೆ ಶುರುವಾಗುವ ಸುರುಳಿಯನ್ನೇ ಮುರಿದು ನೋಡಿ: ಒಳಗೆ ಹಸಿ ಬಿಳಿ ಗೆರೆ ಕಂಡರೆ ಅದು ಬೆಂದಿಲ್ಲ. ಆ ತೇವ ಎರಡು ದಿನದಲ್ಲಿ ಹೊರಗಿನ ಸುತ್ತುಗಳಿಗೆ ಹರಡಿ, ಎಂಥ ಬಿಗಿ ಡಬ್ಬದಲ್ಲಿಟ್ಟರೂ ಚಕ್ಕುಲಿ ಮೆತ್ತಗಾಗುತ್ತದೆ. ಡಬ್ಬವನ್ನು ಬೈದು ಪ್ರಯೋಜನವಿಲ್ಲ.

ಎಣ್ಣೆಯ ಗುಣ ತೋರುವುದು ಎರಡನೇ ವಾರದ ನಂತರ. ಸೂರ್ಯಕಾಂತಿ ಎಣ್ಣೆಯಲ್ಲಿ ಗಾಳಿ ತಗುಲಿದರೆ ಬೇಗ ಕೆಡುವ ಲಿನೋಲಿಕ್ ಆಮ್ಲ ಹೆಚ್ಚು. ಪಾರದರ್ಶಕ ಕವರಿನಲ್ಲಿ, ಬೆಳಕಿರುವ ಕಪಾಟಿನಲ್ಲಿಟ್ಟ ಪಾಲು ಮೂರನೇ ವಾರಕ್ಕೆ ಹಳೇ ಬಣ್ಣದ ಡಬ್ಬ ತೆರೆದಂಥ ವಾಸನೆ ಹಿಡಿಯಿತು. ಅದೇ ಜಾಗದಲ್ಲಿ ಕಡಲೆಕಾಯಿ ಎಣ್ಣೆಯದು ಸುಮಾರು ಐದು ವಾರ ತಡೆಯಿತು. ರುಚಿಯಲ್ಲೂ ಅದೇ ಮುಂದು. ಕೊಬ್ಬರಿ ಎಣ್ಣೆಯದು ಇನ್ನೂ ಹೆಚ್ಚು ದಿನ ಬಂತು, ಅದರ ಕೊಬ್ಬು ಬಹುಪಾಲು ಗಾಳಿಗೆ ಸುಲಭವಾಗಿ ಕೆಡದ ಸ್ಯಾಚುರೇಟೆಡ್ ಬಗೆಯದಾಗಿರುವುದೇ ಕಾರಣ. ಆದರೆ ಘಮ ಎಲ್ಲರಿಗೂ ಒಗ್ಗುವುದಿಲ್ಲ. ಕರಾವಳಿಯ ಮನೆಯಲ್ಲಿ ಇದೇ ಸರಿಯಾದ ಚಕ್ಕುಲಿ, ಬಯಲುಸೀಮೆಯಲ್ಲಿ ‘ತಲೆಗೆ ಹಚ್ಚೋ ಎಣ್ಣೇನಾ?’ ಅನ್ನುತ್ತಾರೆ. ಬೆಂಗಳೂರಿನ ಚಳಿಯಲ್ಲಿ ಮೇಲೆ ಬಿಳಿ ಪೊರೆ ಕಟ್ಟಿಕೊಳ್ಳುವುದೂ ಉಂಟು. ಅದು ಬೂಷ್ಟಲ್ಲ, ಗಟ್ಟಿಯಾದ ಎಣ್ಣೆ. ಗಿರಾಕಿಗೆ ಮೊದಲೇ ಹೇಳಿಬಿಡಿ.

ಪ್ಯಾಕಿಂಗಿಗೆ ಬಂದರೆ, ಸಾದಾ ಪ್ಲಾಸ್ಟಿಕ್ ಜಿಪ್ ಕವರ್ ಒಂದು ಮಟ್ಟಿಗೆ ತೇವ ತಡೆಯುತ್ತದೆ, ಗಾಳಿ ಮತ್ತು ಬೆಳಕನ್ನು ತಡೆಯುವುದಿಲ್ಲ. ಗರಿ ಉಳಿದೂ ವಾಸನೆ ಕೆಡುವುದು ಹೀಗೆ. ಸ್ಟೀಲ್ ಡಬ್ಬ ಬೆಳಕು ತಡೆಯುತ್ತದೆ, ಆದರೆ ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದರೆ ಮಳೆಗಾಲದಲ್ಲಿ ವಾರಕ್ಕೇ ಮೆತ್ತಗೆ. ಒಂದು ದೊಡ್ಡ ಡಬ್ಬಕ್ಕಿಂತ ಎರಡು ಚಿಕ್ಕವು ಲೇಸು. ಒಳಗೆ ಬೆಳ್ಳಿ ಬಣ್ಣದ ಪದರವಿರುವ ಪೌಚನ್ನು ಬಿಸಿ ಸೀಲ್ ಮಾಡಿದ್ದೇ ಮೂರರಲ್ಲಿ ಗೆದ್ದದ್ದು: ಕಡಲೆಕಾಯಿ ಎಣ್ಣೆಯ ಚಕ್ಕುಲಿ ಎರಡು ತಿಂಗಳ ಮೇಲೂ ಮೊದಲಿನ ಸದ್ದಿನಲ್ಲೇ ಮುರಿಯಿತು.

ಸೀಲ್ ಎನ್ನುವಾಗ ಎರಡು ಎಚ್ಚರ. ಚಕ್ಕುಲಿ ಪೂರ್ತಿ ಆರಿರಬೇಕು. ಒಂದೇ ಪದರವಾಗಿ ಹರಡಿದರೆ ಮುಕ್ಕಾಲು ಗಂಟೆ ಬೇಕು. ಬೆಚ್ಚಗಿರುವಾಗ ತುಂಬಿದರೆ ಒಳಗೆ ಹಬೆ ನೀರಾಗಿ ನಿಲ್ಲುತ್ತದೆ. ಹಾಗೆಂದು ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ತೇವ ಹೀರುತ್ತದೆ. ಇನ್ನು ಪೌಚಿನ ಬಾಯಿಗೆ ಎಣ್ಣೆಯೋ ಪುಡಿಯೋ ತಗುಲಿದ್ದರೆ ಅಲ್ಲಿ ಅಂಟು ಹಿಡಿಯುವುದಿಲ್ಲ, ಕಣ್ಣಿಗೆ ಕಾಣದ ಸಂದು ಉಳಿಯುತ್ತದೆ. ಆದ್ದರಿಂದ ತುಂಬುವಾಗ ಬಾಯನ್ನು ಹೊರಕ್ಕೆ ಮಡಚಿ, ಒರೆಸಿ, ಆಮೇಲೆ ಒತ್ತಿ. ಪ್ರತಿ ಬಾರಿಯ ಪ್ಯಾಕಿಂಗಿನಲ್ಲಿ ಒಂದನ್ನು ನೀರಿನಲ್ಲಿ ಮುಳುಗಿಸಿ ಹಿಂಡಿ ನೋಡಿ. ಗುಳ್ಳೆ ಎದ್ದರೆ ಆ ಸೀಲ್ ಸೋರುತ್ತಿದೆ.

ಕೊಳ್ಳುವವರು ವಿವರದಲ್ಲಿ ‘ಸಸ್ಯಜನ್ಯ ಎಣ್ಣೆ’ ಎಂದಷ್ಟೇ ಇದ್ದರೆ ಯಾವುದು ಎಂದು ಕೇಳಿ. ಅಂಗಡಿ ಚಕ್ಕುಲಿಯಲ್ಲಿ ಪಾಮೋಲಿನ್ ಇರುವುದು ಸಾಮಾನ್ಯ, ಅದು ಬೇಗ ಕಮಟಾಗುವುದಿಲ್ಲ, ರುಚಿಯಲ್ಲಿ ಮಾತ್ರ ಸಪ್ಪೆ. ಮಾರುವವರು ಎಣ್ಣೆ, ಬಾಳಿಕೆಯ ಬಗ್ಗೆ ಹೀಗೆ ಬರೆದರೆ ಸಾಕು: ‘ಹೊಸ ಕಡಲೆಕಾಯಿ ಎಣ್ಣೆಯಲ್ಲಿ ಕರಿದದ್ದು. ಕರಿದ ದಿನಾಂಕ ಪೌಚಿನ ಮೇಲಿದೆ. ಸೀಲ್ ಒಡೆಯದಿದ್ದರೆ 45 ದಿನ, ಒಡೆದ ಮೇಲೆ ಬಿಗಿ ಡಬ್ಬದಲ್ಲಿ 10 ದಿನ.’