ಅಮೃತಸರದ ಟಿಕೆಟ್ ತಗೊಂಡು ದಿಲ್ಲಿಯಲ್ಲಿ ಇಳಿದೆವು, ನೀವು ಹೀಗೆ ಮಾಡಬೇಡಿ

ಬೆಳಗಾವಿಗೆ ಟಿಕೆಟ್ ತಗೊಂಡು ಧಾರವಾಡದಲ್ಲೇ ಬಸ್ ಇಳಿದರೆ ಕಂಡಕ್ಟರ್ ಏನೂ ಅನ್ನೋದಿಲ್ಲ. ರೈಲಿನಲ್ಲೂ ಅಷ್ಟೇ. ವಿಮಾನಕ್ಕೂ ಇದೇ ಲೆಕ್ಕ ಅಂದುಕೊಂಡು ನಾನು ಮತ್ತು ನಮ್ಮ ಮನೆಯವರು ಕಳೆದ ಡಿಸೆಂಬರ್‌ನಲ್ಲಿ ಅಮೃತಸರದ ಟಿಕೆಟ್ ಹಿಡಿದು ದಿಲ್ಲಿಯಲ್ಲಿ ಇಳಿದುಬಿಟ್ಟೆವು. ಆಮೇಲೆ ಏನಾಯಿತು ಅಂತ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಓಣಿಯಲ್ಲೇ ಇನ್ನೂ ಇಬ್ಬರು ಇದೇ ಉಪಾಯ ಕೇಳಿಕೊಂಡು ಬಂದಿದ್ದಾರೆ.

ನಮ್ಮ ಮಗಳು ನೋಯ್ಡಾದಲ್ಲಿದ್ದಾಳೆ. ಚೊಚ್ಚಲ ಹೆರಿಗೆ, ತವರಲ್ಲೇ ಆಗಬೇಕಿತ್ತು. ಆದರೆ ಡಾಕ್ಟರ್ ಪ್ರಯಾಣ ಬೇಡ ಅಂದರು. ಹಾಗಾಗಿ ಬಾಣಂತನಕ್ಕೆ ನಾವೇ ಹೊರಟೆವು. ಧಾರವಾಡದಿಂದ ಅನಮೋಡ ಘಾಟ್ ಇಳಿದು ಗೋವಾಕ್ಕೆ ಹೋಗಿ, ಅಲ್ಲಿಂದ ದಿಲ್ಲಿ ವಿಮಾನ ಹಿಡಿಯೋದು ಅಂತ ಮಾತಾಯಿತು. ನೋಡಿದರೆ ಡಿಸೆಂಬರ್ ಕೊನೆಯ ವಾರ, ಗೋವಾದಿಂದ ದಿಲ್ಲಿಗೆ ಒಬ್ಬರಿಗೆ 13,400 ರೂಪಾಯಿ.

ನಮ್ಮ ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. "ಚಿಗವ್ವ, ಇಲ್ಲಿ ನೋಡಿಲ್ಲೆ. ಅದೇ ವಿಮಾನ, ಅದೇ ಸೀಟು, ದಿಲ್ಲಿ ಮ್ಯಾಲೆ ಅಮೃತಸರಕ್ಕ ಅಂದ್ರ 9,650. ದಿಲ್ಲಿಯೊಳಗ ಇಳದು ಹೊರಗ ನಡದುಬಿಡ್ರಿ. ಯಾರ್ ಕೇಳ್ತಾರ?" ಅಂದ. ಇಬ್ಬರಿಗೆ ಸೇರಿ 7,500 ರೂಪಾಯಿ ಉಳಿಯುತ್ತಿತ್ತು. ಹೂಂ ಅಂದೆವು.

ದೂರದ ಊರಿಗೆ ಕಡಿಮೆ, ಹತ್ತಿರದ ಊರಿಗೆ ಜಾಸ್ತಿ ಹೇಗೆ ಅಂತ ನನಗೂ ಆಗ ಆಶ್ಚರ್ಯವಾಗಿತ್ತು. ವಿಮಾನದ ದರ ಕಿಲೋಮೀಟರ್ ಲೆಕ್ಕದಲ್ಲಿ ಇರೋದಿಲ್ಲ. ಯಾವ ಊರಿಂದ ಯಾವ ಊರಿಗೆ, ಆ ಜೋಡಿಗೆ ಎಷ್ಟು ಜನ ಕಾಯುತ್ತಿದ್ದಾರೆ, ಬೇರೆ ಕಂಪನಿಗಳು ಎಷ್ಟಕ್ಕೆ ಒಯ್ಯುತ್ತಿವೆ ಅನ್ನೋದರ ಮೇಲೆ ದರ ಇಡುತ್ತಾರೆ. ಹೊಸ ವರ್ಷಕ್ಕೆ ಗೋವಾಕ್ಕೆ ಬಂದ ದಿಲ್ಲಿಯವರು ನೇರ ವಿಮಾನಕ್ಕೆ ಎಷ್ಟು ಕೇಳಿದರೂ ಕೊಡುತ್ತಾರೆ. ಅಮೃತಸರಕ್ಕೆ ಹೋಗುವವರು ಹಾಗಲ್ಲ. ಹೇಗಿದ್ದರೂ ಒಂದು ಕಡೆ ವಿಮಾನ ಬದಲಿಸಬೇಕು, ದಿಲ್ಲಿಯಾದರೇನು, ಮುಂಬೈಯಾದರೇನು, ಯಾರು ಅಗ್ಗವೋ ಅವರ ಕಡೆ ಹೋಗುತ್ತಾರೆ. ಅವರನ್ನು ಸೆಳೆಯಲು ಕಂಪನಿ ದರ ಇಳಿಸುತ್ತದೆ. ಆ ಇಳಿಸಿದ ದರದಲ್ಲಿ ಬೇರೆಯವರು ನಡುವಿನ ಊರಲ್ಲಿ ಇಳಿದುಕೊಳ್ಳೋದಕ್ಕೆ ಹಿಡನ್ ಸಿಟಿ ಟಿಕೆಟ್ ಅನ್ನುತ್ತಾರೆ. ನಿಜವಾಗಿ ಹೋಗಬೇಕಾದ ಊರು ಟಿಕೆಟ್‌ನ ನಡುವೆ ಅಡಗಿರುತ್ತದೆ, ಅದಕ್ಕೇ ಆ ಹೆಸರು.

ಮೊದಲ ಪೆಟ್ಟು ಮನೆಯಲ್ಲೇ ಬಿತ್ತು. ಟಿಕೆಟ್‌ನಲ್ಲಿ ತಲೆಗೆ 15 ಕಿಲೋ ಲಗೇಜ್ ಇತ್ತು. ಆದರೆ ಕೌಂಟರ್‌ನಲ್ಲಿ ಕೊಟ್ಟ ಬ್ಯಾಗು ನೇರ ಅಮೃತಸರಕ್ಕೇ ಹೋಗುತ್ತದೆ, ದಿಲ್ಲಿಯಲ್ಲಿ ಕೈಗೆ ಸಿಗೋದಿಲ್ಲ. ಹಾಗಾಗಿ ಕೈಯಲ್ಲಿ ಒಯ್ಯುವ 7 ಕಿಲೋದಲ್ಲೇ ಎಲ್ಲ ಮುಗಿಸಬೇಕು. ಒಂದೂವರೆ ತಿಂಗಳ ಬಾಣಂತನಕ್ಕೆ 7 ಕಿಲೋ! ನನ್ನ ಅವ್ವ ಹೊಲಿದಿಟ್ಟಿದ್ದ ಕೌದಿ, ತೊಟ್ಟಿಲ ಬಟ್ಟೆ ಎಲ್ಲ ಮನೆಯಲ್ಲೇ ಉಳಿದವು. ಸ್ಟೀಲ್ ಡಬ್ಬಿಯಲ್ಲಿ ಅಂಟಿನ ಉಂಡಿ ತುಂಬಿ, ಹಳೆ ಕಾಟನ್ ಸೀರೆಯಲ್ಲಿ ಸುತ್ತಿ, ಅಜವಾನ, ಒಣಶುಂಠಿ ಜೊತೆ ಒಂದು ಟ್ರಾಲಿ ಬ್ಯಾಗಿಗೆ ಹಾಕಿದೆ. ನಮ್ಮವರ ಬಿಪಿ, ಶುಗರ್ ಗುಳಿಗೆಗಳನ್ನೂ ಅದರಲ್ಲೇ ಇಟ್ಟೆ. ಅದೇ ತಪ್ಪಾಯಿತು.

ಗೋವಾದಲ್ಲಿ ಗೇಟಿನ ಹತ್ತಿರ ಸಾಲಿನಲ್ಲಿ ನಿಂತಾಗ ಒಬ್ಬ ಹುಡುಗಿ ಟ್ಯಾಗ್ ಹಿಡಿದುಕೊಂಡು ಬಂದಳು. ವಿಮಾನ ಫುಲ್, ಮೇಲೆ ಜಾಗ ಇಲ್ಲ, ಟ್ರಾಲಿಗಳು ಕೆಳಗೆ ಹೋಗಬೇಕು ಅಂದಳು. ರಜಾ ಸೀಸನ್ನಲ್ಲಿ ಇದು ಮಾಮೂಲಿ ಅಂತೆ. ನಮ್ಮ ಬ್ಯಾಗಿನ ಹಿಡಿಕೆಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸಿದಳು. ದೊಡ್ಡ ಅಕ್ಷರದಲ್ಲಿ ಎಟಿಕ್ಯೂ ಅಂತಿತ್ತು, ಅದು ಅಮೃತಸರದ ಸಂಕೇತ. ದಿಲ್ಲಿ ಹೆಸರು ಸಣ್ಣದಾಗಿ ಕೆಳಗಿತ್ತು. ನನ್ನ ಎದೆ ಧಸಕ್ ಅಂತು. "ಇದನ್ನ ದಿಲ್ಲಿಗೆ ಮಾಡಿಕೊಡಮ್ಮಾ" ಅಂತ ಹಿಂದಿಯಲ್ಲಿ ಕೇಳಿದೆ. ಟಿಕೆಟ್‌ನ ಕೊನೆಯ ಊರಿಗೇ ಟ್ಯಾಗ್ ಬರೋದು ಅಂದಳು. ಕಾರಣ ಕೇಳಿದಳು. ಏನಂತ ಹೇಳಲಿ? ಸುಮ್ನೆ ಬ್ಯಾಗು ಕೊಟ್ಟೆ. ಗುಳಿಗೆ ತೆಗೆದುಕೊಳ್ಳಬೇಕು ಅನ್ನೋದೂ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಆ ದಿನ ದಿಲ್ಲಿಯಲ್ಲಿ ಮಂಜು. ನಮ್ಮ ವಿಮಾನ ಎರಡು ತಾಸು ತಡ. ಅದಕ್ಕೂ ಮೊದಲಿನ ಒಂದು ವಿಮಾನ ರದ್ದಾಗಿ, ಅದರಲ್ಲಿ ಮುಂದೆ ಬೇರೆ ಊರಿಗೆ ಹೋಗಬೇಕಿದ್ದವರಿಗೆ ಕೌಂಟರ್‌ನಲ್ಲಿ ಮುಂಬೈ ಮೇಲೆ ಟಿಕೆಟ್ ಬರೆದುಕೊಡುತ್ತಿದ್ದರು. ಅದನ್ನು ನೋಡಿ ನಮ್ಮವರ ಮುಖ ಸಣ್ಣದಾಯಿತು. ನಮ್ಮ ಜೊತೆ ಕಂಪನಿ ಮಾಡಿಕೊಂಡ ಕರಾರು ಅಮೃತಸರ ಮುಟ್ಟಿಸುವುದು, ದಿಲ್ಲಿ ತೋರಿಸುವುದಲ್ಲ. ಮುಂಬೈ ಮೇಲೆ ಕಳಿಸಿದರೆ, ದಿಲ್ಲಿ ಮೇಲೇ ಕಳಿಸಿ ಅಂತ ನಾವು ಹಟ ಹಿಡಿಯುವ ಹಾಗಿರಲಿಲ್ಲ. ಮಗಳ ಮನೆ ಬಿಟ್ಟು ಪಂಜಾಬಿನಲ್ಲಿ ಹೋಗಿ ಇಳಿಯಬೇಕಿತ್ತು. ಡಿಸೆಂಬರ್, ಜನವರಿಯಲ್ಲಿ ದಿಲ್ಲಿ ಮಂಜು ವರ್ಷವೂ ಇದ್ದದ್ದೇ. ಅದು ಗೊತ್ತಿದ್ದೂ ನಾವು ಈ ಟಿಕೆಟ್ ತಗೊಂಡಿದ್ದೆವು.

ದಿಲ್ಲಿ ಮುಟ್ಟಿದೆವು. ಎಲ್ಲರ ಜೊತೆ ಹೊರಗೆ ನಡೆದೆವು, ಯಾರೂ ತಡೆಯಲಿಲ್ಲ. ಟ್ಯಾಕ್ಸಿ ಹತ್ತಿ ಅರ್ಧ ತಾಸು ಆಗಿತ್ತು, ಅಕ್ಕನ ಮಗನ ಫೋನ್ ಬಂತು. ಟಿಕೆಟ್‌ನಲ್ಲಿ ಅವನ ನಂಬರ್ ಇತ್ತು. ಅಮೃತಸರದ ವಿಮಾನ ಬಾಗಿಲು ಹಾಕಲು ನಿಂತಿದೆ, ಇಬ್ಬರು ಎಲ್ಲಿ ಅಂತ ಏರ್‌ಲೈನ್‌ನವರು ಅವನಿಗೆ ಕರೆ ಮಾಡಿದ್ದರು. ಬ್ಯಾಗು ಒಳಗೆ ಹೋಗಿ ಅದರ ಮಾಲೀಕ ಹತ್ತದಿದ್ದರೆ ವಿಮಾನ ಹಾಗೇ ಹಾರಿಸೋದಿಲ್ಲ. ಅದು ಭದ್ರತೆಯ ವಿಷಯ. ವಿಮಾನದ ಹೊಟ್ಟೆಯಲ್ಲಿ ತುಂಬಿದ ಸಾಮಾನಿನಲ್ಲಿ ಆ ಒಂದು ಬ್ಯಾಗು ಹುಡುಕಿ ಕೆಳಗಿಳಿಸಬೇಕು. ಮೊದಲೇ ಮಂಜಿನಿಂದ ತಡವಾಗಿದ್ದ ಅಷ್ಟೂ ಜನ ನಮ್ಮ ಅಂಟಿನ ಉಂಡಿ ಡಬ್ಬಿಗಾಗಿ ಕಾಯುತ್ತಾ ಕೂತಿದ್ದರು. ಇದು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತೆ. ಅವರಲ್ಲಿ ಎಷ್ಟು ಜನರಿಗೆ ಏನೇನು ಅವಸರ ಇತ್ತೋ.

ಬ್ಯಾಗು ಸಿಕ್ಕಿದ್ದು ಮರುದಿನ. ನಮ್ಮವರು ಗುರುತಿನ ಚೀಟಿ, ಟ್ಯಾಗಿನ ತುಂಡು ಹಿಡಿದು ಏರ್‌ಪೋರ್ಟಿಗೆ ಹೋದರು. ಬ್ಯಾಗು ತೆರೆಸಿ ನೋಡಿದರು, ಯಾಕೆ ಹತ್ತಲಿಲ್ಲ ಅಂತ ಬರೆಸಿಕೊಂಡರು. ಟ್ಯಾಕ್ಸಿಗೆ ಹೋಗಿಬರಲು 1,600 ರೂಪಾಯಿ. ಆ ರಾತ್ರಿಯ ಗುಳಿಗೆಗೆ ನೋಯ್ಡಾದಲ್ಲಿ ಅಳಿಯ ಮೆಡಿಕಲ್ ಶಾಪ್ ಹುಡುಕಿಕೊಂಡು ಓಡಾಡಿದ್ದ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆವು. ದೊಡ್ಡ ಪೆಟ್ಟು ಇನ್ನೂ ಬಾಕಿ ಇತ್ತು.

ಅಕ್ಕನ ಮಗ ಹುಷಾರಾಗಿ ವಾಪಸ್ ಬರೋದನ್ನು ಅಮೃತಸರದಿಂದ ಅಲ್ಲ, ದಿಲ್ಲಿಯಿಂದಲೇ ಗೋವಾಕ್ಕೆ ಹಾಕಿದ್ದ. ದಿಲ್ಲಿಯಲ್ಲೇ ಹತ್ತೋದು, ಅದಕ್ಕೇನು ತೊಂದರೆ ಅಂತ ಅವನ ಲೆಕ್ಕ. ಆದರೆ ಹೋಗೋದು, ಬರೋದು ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿದ್ದ. ಫೆಬ್ರವರಿಯಲ್ಲಿ ಹೊರಡುವ ಎರಡು ದಿನ ಮೊದಲು ವೆಬ್ ಚೆಕ್‌ಇನ್‌ಗೆ ಹೋದರೆ ಟಿಕೆಟ್ ರದ್ದಾಗಿದೆ ಅಂತ ಬಂತು. ಕಸ್ಟಮರ್ ಕೇರ್‌ನ ಹೆಂಗಸು ಸಮಾಧಾನದಿಂದಲೇ ವಿವರಿಸಿದರು. ಟಿಕೆಟ್ ಅಂದರೆ ಒಂದರ ಹಿಂದೆ ಒಂದು ಪೋಣಿಸಿದ ಕೂಪನ್‌ಗಳು. ಗೋವಾ-ದಿಲ್ಲಿ ಒಂದು, ದಿಲ್ಲಿ-ಅಮೃತಸರ ಎರಡು, ದಿಲ್ಲಿ-ಗೋವಾ ಮೂರು. ಅದೇ ಕ್ರಮದಲ್ಲಿ ಬಳಸಬೇಕು ಅಂತ ಅವರ ಶರತ್ತಿನಲ್ಲೇ ಇದೆ. ಎರಡನೆಯದಕ್ಕೆ ಬರಲಿಲ್ಲ ಅಂತ ದಾಖಲಾದ ಕೂಡಲೇ ಮೂರನೆಯದು ತಾನಾಗೇ ಬಿದ್ದುಹೋಗುತ್ತದೆ. ಡಿಸೆಂಬರ್‌ನಲ್ಲೇ ಮೇಲ್ ಕಳಿಸಿದ್ದರಂತೆ. ಹೋಗಿದ್ದು ಅಕ್ಕನ ಮಗನ ಇಮೇಲ್‌ಗೆ, ಅವನು ಜಾಹೀರಾತು ಅಂತ ತೆರೆದೇ ಇರಲಿಲ್ಲ. ದರದ ವ್ಯತ್ಯಾಸ ವಸೂಲಿ ಮಾಡುವ ಹಕ್ಕು ತಮಗಿದೆ ಅಂತಲೂ ಅದರಲ್ಲಿ ಬರೆದಿದ್ದರು.

ಹೊಸ ಟಿಕೆಟ್ ತಲೆಗೆ 10,900, ಇಬ್ಬರಿಗೆ 21,800. ರದ್ದಾದ ಟಿಕೆಟ್‌ನಲ್ಲಿ ಕೇಳಿ ಕೇಳಿ ಬಂದದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕ ಮಾತ್ರ, 1,180 ರೂಪಾಯಿ. ಉಳಿಸಲು ಹೊರಟಿದ್ದು 7,500.

ಆ ಹೆಂಗಸು ಇನ್ನೊಂದು ಮಾತು ಹೇಳಿದರು, ಅದನ್ನು ನೆನಪಿಟ್ಟುಕೊಳ್ಳಿ. ಯಾರಿಗಾದರೂ ನಿಜವಾಗಿಯೇ ನಡುವಿನ ಊರಲ್ಲಿ ಇಳಿಯಬೇಕಾಗಿ ಬಂದರೆ, ಆರೋಗ್ಯ ಕೆಟ್ಟರೆ ಅನ್ನಿ, ಮುಂದಿನ ವಿಮಾನ ಹೊರಡುವ ಮೊದಲೇ ಫೋನ್ ಮಾಡಬೇಕಂತೆ. ಆಗ ದರ ಹೊಸದಾಗಿ ಲೆಕ್ಕ ಹಾಕುತ್ತಾರೆ, ಹೆಚ್ಚಿಗೆ ಕೊಡಬೇಕಾಗಬಹುದು, ಆದರೆ ವಾಪಸ್ ಟಿಕೆಟ್ ಉಳಿಸಿಕೊಡಬಹುದು. ವಿಮಾನ ಹೋದ ಮೇಲೆ ಅವರ ಕೈಯಲ್ಲೂ ಏನಿಲ್ಲ.

ವಾಪಸ್ ಟಿಕೆಟ್ ಬೇರೆ ಪಿಎನ್‌ಆರ್‌ನಲ್ಲಿ ತಗೊಂಡರೆ ಆಯ್ತಲ್ಲ ಅಂತ ನೀವು ಕೇಳಬಹುದು. ಆಗ ಈ ಒಂದು ಪೆಟ್ಟು ತಪ್ಪೀತು. ಗೇಟಿನಲ್ಲಿ ಬ್ಯಾಗು ಕಸಿಯೋದು, ಮಂಜಿನ ದಿನ ಬೇರೆ ದಾರಿಯಲ್ಲಿ ಕಳಿಸೋದು ತಪ್ಪೋದಿಲ್ಲ. ಮತ್ತೆ ಮತ್ತೆ ಮಾಡಿದವರ ಪಾಯಿಂಟ್ಸ್ ಖಾತೆಯನ್ನೇ ಮುಚ್ಚುವ ಕಂಪನಿಗಳೂ ಇವೆ. ಹೊರದೇಶಕ್ಕಾದರೆ ಇನ್ನೂ ಬಿಗಿ. ಟಿಕೆಟ್‌ನ ಕೊನೆಯ ದೇಶದ ವೀಸಾ ಇಲ್ಲದಿದ್ದರೆ ಬೆಂಗಳೂರಿನ ಚೆಕ್‌ಇನ್ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ, ನೀವು ನಡುವಿನ ಊರಲ್ಲೇ ಇಳಿಯುವವರಾದರೂ.

ಇದಕ್ಕೆ ಪೊಲೀಸರು ಹಿಡಿಯೋದಿಲ್ಲ ನಿಜ, ಆದರೆ ಕಂಪನಿಗಳು ಬಿಡುತ್ತವೆ ಅಂತಲ್ಲ. ಸಿಯಾಟಲ್‌ನಿಂದ ಫ್ರಾಂಕ್‌ಫರ್ಟ್ ಮೇಲೆ ಓಸ್ಲೋಗೆ ಹೋಗಬೇಕಿದ್ದ ಒಬ್ಬ ಪ್ರಯಾಣಿಕ ಫ್ರಾಂಕ್‌ಫರ್ಟ್‌ನಲ್ಲೇ ಇಳಿದುಕೊಂಡದ್ದಕ್ಕೆ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ 2,112 ಯೂರೋ ಕೇಳಿ ಬರ್ಲಿನ್ ಕೋರ್ಟಿಗೆ ಹೋಗಿತ್ತು. 2018ರ ಡಿಸೆಂಬರ್‌ನಲ್ಲಿ ಕೆಳಗಿನ ಕೋರ್ಟ್ ಕಂಪನಿಯ ಕೇಳಿಕೆ ತಳ್ಳಿಹಾಕಿತು, ಕಂಪನಿ ಮೇಲ್ಮನವಿ ಹಾಕಿತು. 2023ರಲ್ಲಿ ಅಮೆರಿಕದಲ್ಲಿ ಒಬ್ಬ ಹುಡುಗ ನ್ಯೂಯಾರ್ಕ್ ಟಿಕೆಟ್ ಹಿಡಿದು ನಡುವಿನ ಷಾರ್ಲಟ್‌ನಲ್ಲಿ ಇಳಿಯುವವನಿದ್ದ. ಹೊರಡುವ ನಿಲ್ದಾಣದಲ್ಲೇ ಗೊತ್ತಾಗಿ ಟಿಕೆಟ್ ರದ್ದು ಮಾಡಿದರು, ಮನೆಯವರು ನೇರ ಟಿಕೆಟ್ ಕೊಳ್ಳಬೇಕಾಯಿತು. ಕೋರ್ಟ್‌ನಲ್ಲಿ ಪ್ರಯಾಣಿಕ ಗೆಲ್ಲಬಹುದು. ಆದರೆ ನಮ್ಮಂಥವರು ಬಾಣಂತಿಯನ್ನು ಬಿಟ್ಟು ಕೋರ್ಟ್ ಅಲೆಯೋಕೆ ಆಗುತ್ತಾ?

ಅಕ್ಕನ ಮಗನ ಮೇಲೆ ನನಗೆ ಸಿಟ್ಟಿಲ್ಲ. ನಮಗೆ ದುಡ್ಡು ಉಳಿಸಬೇಕಂತಲೇ ಮಾಡಿದ. ಮೊನ್ನೆ ರಾತ್ರಿ ಫೋನ್ ಮಾಡಿದ್ದ: "ಚಿಗವ್ವ, ಗದಗದ ನನ್ನ ಗೆಳೆಯನ ಅಪ್ಪ-ಅವ್ವಂದೂ ಹಿಂಗೇ ಮಾಡಿಸಿಕೊಟ್ಟೇನಿ, ಹೋಗೂದು-ಬರೂದು ಒಂದ ಪಿಎನ್‌ಆರ್." ಅವರು ಹೊರಡೋಕೆ ಇನ್ನೂ ಹನ್ನೊಂದು ದಿನ ಇದೆ. ಈಗಲೇ ಏರ್‌ಲೈನ್‌ಗೆ ಫೋನ್ ಮಾಡಿ ನೇರ ಟಿಕೆಟ್‌ಗೆ ಬದಲಿಸಿಕೋ, ಎಷ್ಟು ಹೆಚ್ಚಿಗೆ ಆಗುತ್ತೋ ಅದರಲ್ಲಿ ಅರ್ಧ ನಾನು ಕೊಡ್ತೀನಿ ಅಂತ ಹೇಳಿದ್ದೇನೆ.