ಮಾಲಿಕ್ಯುಲರ್ ಬಯಾಲಜಿ ರಿವಿಷನ್: ಬ್ಲಾಕ್ ಟೈಮ್‌ಟೇಬಲ್ಲೋ, ಮಿಕ್ಸ್ ಟೈಮ್‌ಟೇಬಲ್ಲೋ?

ಎರಡನ್ನೂ ಒಂದೊಂದು ಸೆಮಿಸ್ಟರ್ ಪೂರ್ತಿ ಪಾಲಿಸಿ ನೋಡಿದ್ದೇನೆ. ಬ್ಲಾಕ್ ಅಂದರೆ ಮೊದಲು ಪಾಥ್‌ವೇಗಳೆಲ್ಲ, ಆಮೇಲೆ ಟೆಕ್ನಿಕ್‌ಗಳು, ಕೊನೆಯ ವಾರಗಳಲ್ಲಿ ಹಳೇ ಪ್ರಶ್ನೆಪತ್ರಿಕೆ. ಮಿಕ್ಸ್ ಅಂದರೆ ಒಂದೇ ಸಲ ಕೂತಾಗ ಮೂರೂ: ಒಂದು ಪಾಥ್‌ವೇ, ಅದನ್ನು ಪರೀಕ್ಷಿಸುವ ಒಂದು ಟೆಕ್ನಿಕ್, ಎರಡನ್ನೂ ಕೇಳುವ ಒಂದು ಹಳೇ ಪ್ರಶ್ನೆ. ನನ್ನ ಓಟು ಮಿಕ್ಸ್‌ಗೆ. ಆದರೆ ಒಂದು ಷರತ್ತಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಬ್ಲಾಕ್‌ನಲ್ಲಿ ಓದುವಾಗ ತುಂಬಾ ಹಿತವಾಗಿರುತ್ತದೆ. ಸ್ಪ್ಲೈಸಿಂಗ್ ಓದಿದ ದಿನ ಯು1 ಎಲ್ಲಿ ಕೂರುತ್ತದೆ, ಬ್ರಾಂಚ್ ಪಾಯಿಂಟ್‌ನ ಎ ಏನು ಮಾಡುತ್ತದೆ, ಲೇರಿಯಟ್ ಹೇಗೆ ಆಗುತ್ತದೆ, ಎಲ್ಲ ಬಾಯಿಗೆ ಬರುತ್ತದೆ. ಆರ್‌ಟಿ-ಪಿಸಿಆರ್ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ, ಅಲ್ವಾ? ಆಗ ಅದನ್ನು ಒಂದು ಪ್ರೋಟೋಕಾಲ್ ಥರ ಓದುತ್ತೇವೆ: ಆರ್‌ಎನ್‌ಎ ತೆಗಿ, ಸಿಡಿಎನ್‌ಎ ಮಾಡು, ಪ್ರೈಮರ್ ಹಾಕು. ಪ್ರಶ್ನೆಪತ್ರಿಕೆ ಮಾತ್ರ ಎರಡನ್ನೂ ಹೊಲಿದೇ ಕೇಳುತ್ತದೆ.

ಮಿಕ್ಸ್‌ನಲ್ಲಿ ನಾನು ಒಂದೂವರೆ ಗಂಟೆಯನ್ನು ಹೀಗೆ ಹಂಚುತ್ತಿದ್ದೆ: 30 ನಿಮಿಷ ನೋಟ್ಸ್ ಮುಚ್ಚಿ ಪಾಥ್‌ವೇ ಬಿಡಿಸುವುದು, 20 ನಿಮಿಷ ಟೆಕ್ನಿಕ್, ಉಳಿದ 40 ಪೂರ್ತಿ ಪ್ರಶ್ನೆಗೆ. ಒಂದು ಉದಾಹರಣೆ ನೋಡಿ. ಒಂದು ಜೀನ್‌ನಲ್ಲಿ ಎಕ್ಸಾನ್ 2ರ ಉದ್ದ 120 ಬೇಸ್, ಅದರ ನಂತರದ ಇಂಟ್ರಾನ್ 90 ಬೇಸ್. ಪ್ರೈಮರ್‌ಗಳು ಎಕ್ಸಾನ್ 1 ಮತ್ತು 3ರಲ್ಲಿವೆ, ಸಾಮಾನ್ಯ ಸ್ಯಾಂಪಲ್‌ನಲ್ಲಿ 400ರ ಬ್ಯಾಂಡ್ ಬರುತ್ತದೆ. ಆ ಇಂಟ್ರಾನ್ ಶುರುವಾಗುವ ಜಿಯು ಕೆಟ್ಟರೆ ಜೆಲ್ ಮೇಲೆ ಏನು ಕಾಣಬಹುದು?

ಯು1 ಅಲ್ಲಿ ಸರಿಯಾಗಿ ಕೂರುವುದಿಲ್ಲ. ಎಕ್ಸಾನ್ 2 ಪೂರ್ತಿ ಬಿಟ್ಟುಹೋದರೆ 400ರಲ್ಲಿ 120 ಕಳೆದು 280ರ ಬ್ಯಾಂಡ್. ಇಂಟ್ರಾನ್ ಉಳಿದುಬಿಟ್ಟರೆ 490. ಎರಡು ಅಲೀಲ್‌ಗಳಲ್ಲಿ ಒಂದೇ ಕೆಟ್ಟಿದ್ದರೆ 400ರ ಬ್ಯಾಂಡೂ ಪಕ್ಕದಲ್ಲೇ ಇರುತ್ತದೆ. ಇಲ್ಲಿಗೆ ನಿಲ್ಲಿಸಬೇಡಿ, ಮುಂದಿನ ಅಂಕ ಪ್ರೋಟೀನ್ ಬಗ್ಗೆ ಇರುತ್ತದೆ. 120 ಮೂರರಿಂದ ಭಾಗವಾಗುತ್ತದೆ, ಹಾಗಾಗಿ ರೀಡಿಂಗ್ ಫ್ರೇಮ್ ಉಳಿಯುತ್ತದೆ, 40 ಅಮೈನೋ ಆಮ್ಲ ಮಾತ್ರ ಕಡಿಮೆ. ಒಂದಕ್ಕೆ ಸುಮಾರು 110 ಡಾಲ್ಟನ್ ಅಂತ ಹಿಡಿದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ ಬ್ಯಾಂಡ್ ಸುಮಾರು 4.4 ಕಿಲೋಡಾಲ್ಟನ್ ಕೆಳಗೆ ಬರಬೇಕು. ಅದೇ ಎಕ್ಸಾನ್ 121 ಬೇಸ್ ಇದ್ದಿದ್ದರೆ ಫ್ರೇಮ್ ಜಾರುತ್ತಿತ್ತು, ಬೇಗ ಸ್ಟಾಪ್ ಕೋಡಾನ್ ಬರುವ ಸಾಧ್ಯತೆ ಜಾಸ್ತಿ, ಹಾಗೆ ಬಂದ ಎಂಆರ್‌ಎನ್‌ಎಯನ್ನು ಕೋಶವೇ ಒಡೆದುಹಾಕಬಹುದು, ಆಗ ಆರ್‌ಟಿ-ಪಿಸಿಆರ್ ಬ್ಯಾಂಡೇ ಮಸುಕಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ದೊಡ್ಡ ಬ್ಯಾಂಡ್ ಕಂಡ ತಕ್ಷಣ ಇಂಟ್ರಾನ್ ಉಳಿದಿದೆ ಅಂತ ಬರೆಯುವ ಹಾಗಿಲ್ಲ, ಸ್ಯಾಂಪಲ್‌ಗೆ ಜೀನೋಮಿಕ್ ಡಿಎನ್‌ಎ ಸೇರಿದ್ದರೂ ಇಂಟ್ರಾನ್ ಸಮೇತ ದೊಡ್ಡ ಬ್ಯಾಂಡ್ ಬರಬಹುದು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್‌ನಲ್ಲೂ ಅದೇ ಬ್ಯಾಂಡ್ ಇದ್ದರೆ ಅದು ಡಿಎನ್‌ಎ. ಬ್ಲಾಕ್‌ನಲ್ಲಿ ಈ ಕಂಟ್ರೋಲ್ ಪಟ್ಟಿಯ ಒಂದು ಸಾಲು ಅಷ್ಟೇ. ಇಲ್ಲಿ ಅದಿಲ್ಲದೆ ಉತ್ತರವೇ ನಿಲ್ಲುವುದಿಲ್ಲ.

ಈಗ ಷರತ್ತು. ಪಾಥ್‌ವೇಯನ್ನು ಮೊದಲ ಸಲ ಓದುತ್ತಿದ್ದರೆ ಮಿಕ್ಸ್ ಕೆಲಸ ಮಾಡುವುದಿಲ್ಲ. ರೆಪ್ಲಿಕೇಷನ್ ಫೋರ್ಕ್‌ನಲ್ಲಿ ಲ್ಯಾಗಿಂಗ್ ಸ್ಟ್ರ್ಯಾಂಡ್ ಯಾವ ಕಡೆ ಬೆಳೆಯುತ್ತದೆ ಅಂತ ಇನ್ನೂ ಗೊಂದಲ ಇರುವಾಗ ಪ್ರಶ್ನೆ ಹಿಡಿದರೆ 40 ನಿಮಿಷ ಸುಮ್ನೆ ಹೋಗುತ್ತದೆ. ನೋಡದೆ ಚಿತ್ರ ಬರೆಯಲು ಆಗುವವರೆಗೆ ಬ್ಲಾಕ್‌ನಲ್ಲೇ ಇರಿ. ಇಲ್ಲಿ ಬ್ಲಾಕ್ ನಿಜಕ್ಕೂ ಗೆಲ್ಲುತ್ತದೆ.

ಜೋಡಿಯನ್ನೂ ಚೀಟಿ ಎತ್ತಿ ಆರಿಸಬೇಡಿ. ರೆಪ್ಲಿಕೇಷನ್ ಜೊತೆ ಮೆಸೆಲ್‌ಸನ್ ಮತ್ತು ಸ್ಟಾಲ್ 1958ರಲ್ಲಿ ಪ್ರಕಟಿಸಿದ ಡೆನ್ಸಿಟಿ ಗ್ರೇಡಿಯಂಟ್ ಪ್ರಯೋಗ ಹೊಂದುತ್ತದೆ, ಲ್ಯಾಕ್ ಆಪರಾನ್ ಜೊತೆ ನಾರ್ದರ್ನ್ ಬ್ಲಾಟ್. ಸ್ಪ್ಲೈಸಿಂಗ್ ಪಕ್ಕದಲ್ಲಿ ಸದರ್ನ್ ಬ್ಲಾಟ್ ಇಟ್ಟರೆ ಪ್ರಯೋಜನ ಕಡಿಮೆ, ಅದು ನೋಡುವುದು ಡಿಎನ್‌ಎ, ಎಕ್ಸಾನ್ ಬಿಟ್ಟುಹೋಗುವುದು ಆರ್‌ಎನ್‌ಎಯಲ್ಲಿ.

ಒಂದು ವಾರದ ನಂತರ ಅದೇ ಪಾಥ್‌ವೇಗೆ ವಾಪಸ್ ಬರುತ್ತಿದ್ದೆ, ಬೇರೆ ಟೆಕ್ನಿಕ್ ಜೊತೆ. ತಪ್ಪಾದ ಉತ್ತರದ ಪಕ್ಕದಲ್ಲಿ ಪಾ ಅಥವಾ ಟೆ ಅಂತ ಗುರುತು: ಪಾಥ್‌ವೇ ಗೊತ್ತಿರಲಿಲ್ಲವೋ, ಟೆಕ್ನಿಕ್ ಏನು ಅಳೆಯುತ್ತದೆ ಅನ್ನುವುದು ಗೊತ್ತಿರಲಿಲ್ಲವೋ. ಪಾ ಜಾಸ್ತಿ ಆದ ಪಾಥ್‌ವೇ ಮುಂದಿನ ವಾರ ಬ್ಲಾಕ್‌ಗೆ ವಾಪಸ್, ಟೆ ಜಾಸ್ತಿ ಆದರೆ ಅದೇ ಟೆಕ್ನಿಕ್ ಇನ್ನೊಂದು ಪಾಥ್‌ವೇ ಜೊತೆ.